ವ್ಯಾಪಾರದ ನಷ್ಟ ಬೇರೆ, ಉಳಿಕೆ ಸವಕಳಿ ಬೇರೆ: ಹಳೆಯ ಲೆಕ್ಕವನ್ನು ಇಂದಿನ ಲಾಭದಲ್ಲಿ ಕಳೆಯುವ ಕ್ರಮ

ಪ್ರಶ್ನೆ: ದಾವಣಗೆರೆಯಲ್ಲಿ ನನ್ನದೊಂದು ಹೋಟೆಲ್ ಇತ್ತು. ಕೊರೊನಾ ಕಾಲದಲ್ಲಿ, 2020-21 ಮತ್ತು 2021-22ರಲ್ಲಿ, ನಷ್ಟವಾಗಿ ಮುಚ್ಚಿದೆ. ಮೊದಲ ವರ್ಷದ ರಿಟರ್ನ್ 2021ರ ಡಿಸೆಂಬರ್ 28ರಂದು ಸಲ್ಲಿಕೆಯಾಗಿದೆ. ಎರಡನೆಯದು ತಾಯಿಯವರು ಆಸ್ಪತ್ರೆಯಲ್ಲಿದ್ದ ಕಾರಣ ತಡವಾಗಿ, 2022ರ ಡಿಸೆಂಬರ್ 20ರಂದು ಹೋಯಿತು. ಆಮೇಲೆ ಅದೇ ಸಲಕರಣೆಗಳಿಂದ ಕ್ಯಾಟರಿಂಗ್ ಶುರುಮಾಡಿದೆ. ಮೊದಲ ಎರಡು ವರ್ಷ ತೆರಿಗೆ ಬೀಳುವಷ್ಟು ಆದಾಯ ಇರಲಿಲ್ಲ, ಹಾಗಾಗಿ ಹಳೆಯ ನಷ್ಟ ಮುಟ್ಟಿಲ್ಲ. 2024-25ರಲ್ಲಿ 11.40 ಲಕ್ಷ ಲಾಭ ಬಂದಿದೆ, ಅದರ ರಿಟರ್ನ್ ಇನ್ನೂ ಸಲ್ಲಿಸಿಲ್ಲ. ಒಂದು ಮಳಿಗೆಯಿಂದ ತಿಂಗಳಿಗೆ 10,000 ರೂಪಾಯಿ ಬಾಡಿಗೆಯೂ ಇದೆ. ಎರಡೂ ವರ್ಷದ ನಷ್ಟವನ್ನು ಪೂರ್ತಿ ಈಗ ಕಳೆಯಬಹುದೇ? ತಡವಾಗಿ ಸಲ್ಲಿಸಿದ ವರ್ಷದ ನಷ್ಟ ಸಂಪೂರ್ಣ ಹೋಯಿತು ಎಂದು ನಮ್ಮ ತೆರಿಗೆ ಸಲಹೆಗಾರರು ಹೇಳುತ್ತಾರೆ. ಲೆಕ್ಕಪತ್ರದ ಪ್ರತಿಗಳನ್ನು ಲಗತ್ತಿಸಿದ್ದೇನೆ.

ಉತ್ತರ:

ತಡವಾದ ವರ್ಷದ ನಷ್ಟ ಸಂಪೂರ್ಣವಾಗಿ ಹೋಗಿಲ್ಲ. ಆದರೆ ಎರಡೂ ವರ್ಷಗಳ ನಷ್ಟವನ್ನು ಇಡಿಯಾಗಿ ಈ ವರ್ಷಕ್ಕೆ ತರುವುದೂ ಸಾಧ್ಯವಿಲ್ಲ. ಈ ಎರಡು ಉತ್ತರಗಳಿಗೂ ಮೂಲ ಒಂದೇ. ಲಾಭ-ನಷ್ಟದ ಪಟ್ಟಿಯ ಕೊನೆಯ ಸಾಲಿನಲ್ಲಿ ನಿಮಗೆ ಕಾಣುವುದು ನಷ್ಟದ ಒಂದೇ ಮೊತ್ತ, ಆದರೆ ಆದಾಯ ತೆರಿಗೆ ಕಾಯ್ದೆಯ ದೃಷ್ಟಿಯಲ್ಲಿ ಅದರೊಳಗೆ ಎರಡು ಬೇರೆ ಬೇರೆ ಸಂಗತಿಗಳಿವೆ. ಸವಕಳಿಯನ್ನು ಕಳೆಯುವ ಮೊದಲೇ ವ್ಯಾಪಾರದಲ್ಲಿ ಬಿದ್ದಿರುವ ಕೊರತೆ ಒಂದು, ಲಾಭ ಸಾಲದ್ದರಿಂದ ಕಳೆಯಲಾಗದೆ ಉಳಿದ ಸವಕಳಿ ಇನ್ನೊಂದು. ಮೊದಲನೆಯದನ್ನು ಸೆಕ್ಷನ್ 72 ನಿಯಂತ್ರಿಸುತ್ತದೆ, ಎರಡನೆಯದನ್ನು ಸೆಕ್ಷನ್ 32(2). ಇವೆರಡರ ಅವಧಿ, ಇವುಗಳನ್ನು ಕಳೆಯಬಹುದಾದ ಆದಾಯ, ರಿಟರ್ನ್ ತಡವಾದರೆ ಆಗುವ ಪರಿಣಾಮ ಎಲ್ಲವೂ ಬೇರೆ ಬೇರೆ. ಆದ್ದರಿಂದ ಮೊದಲು ನಿಮ್ಮ ನಷ್ಟವನ್ನು ಎರಡಾಗಿ ಬಿಡಿಸೋಣ.

ನೀವು ಕಳಿಸಿರುವ ಪಟ್ಟಿಯಂತೆ 2020-21ರಲ್ಲಿ ಸವಕಳಿಗೆ ಮುಂಚಿನ ನಷ್ಟ 4,20,000 ರೂಪಾಯಿ. ಗ್ರೈಂಡರ್, ಒಲೆ, ಫ್ರೀಜರ್ ಮುಂತಾದ ಸಲಕರಣೆಗಳ ಇಳಿಕೆಯಾದ ಮೌಲ್ಯ 12,00,000 ಇದ್ದು, ಅದರ ಮೇಲೆ ಶೇ. 15ರ ದರದಲ್ಲಿ 1,80,000 ಸವಕಳಿ ಬಂದಿದೆ. ಮರುವರ್ಷ ಸವಕಳಿಗೆ ಮುಂಚಿನ ನಷ್ಟ 2,50,000. ಉಳಿದ 10,20,000 ಮೌಲ್ಯದ ಮೇಲೆ ಸವಕಳಿ 1,53,000. ನಿಮ್ಮ ಸಲಹೆಗಾರರು ಈ ಎರಡನ್ನೂ ಕೂಡಿಸಿ 2021-22ಕ್ಕೆ 4,03,000 ನಷ್ಟ ಎಂದು ಬರೆದು, ಆ ಇಡೀ ಮೊತ್ತ ಹೋಯಿತು ಎಂದಿದ್ದಾರೆ. ತಪ್ಪು ಆಗಿರುವುದು ಆ ಕೂಡಿಸುವಿಕೆಯಲ್ಲಿ.

ಇನ್ನೊಂದು ಆದಾಯವನ್ನೂ ಲೆಕ್ಕಕ್ಕೆ ತರಬೇಕು. ಮಳಿಗೆಯ ವಾರ್ಷಿಕ ಬಾಡಿಗೆ 1,20,000ದಲ್ಲಿ ಶೇ. 30ರ ಪ್ರಮಾಣಿತ ಕಡಿತ ಹೋಗಿ ಗೃಹ ಆಸ್ತಿಯ ಆದಾಯ 84,000 ಉಳಿಯುತ್ತದೆ (ಆಸ್ತಿ ತೆರಿಗೆಯನ್ನು ನೀವು ಕಟ್ಟುತ್ತಿಲ್ಲ ಎಂದು ಭಾವಿಸಿದ್ದೇನೆ). ನಷ್ಟವಾದ ವರ್ಷದಲ್ಲೇ ಆ ನಷ್ಟವನ್ನು ಸಂಬಳವನ್ನು ಬಿಟ್ಟು ಉಳಿದ ಬಾಬ್ತುಗಳ ಆದಾಯದಿಂದ ಕಳೆಯಲು ಸೆಕ್ಷನ್ 71 ಅವಕಾಶ ಕೊಡುತ್ತದೆ. ರಿಟರ್ನ್ ತಡವಾಗಿದ್ದರೂ ಆ ವರ್ಷದೊಳಗಿನ ಈ ಹೊಂದಾಣಿಕೆಗೆ ಅಡ್ಡಿಯಿಲ್ಲ. ಹೀಗಾಗಿ 2020-21ರ 4,20,000ದಲ್ಲಿ 84,000 ಬಾಡಿಗೆಗೆ ಹೊಂದಿ 3,36,000 ವ್ಯಾಪಾರ ನಷ್ಟವಾಗಿ ಉಳಿಯಿತು, 1,80,000 ಸವಕಳಿ ಪೂರ್ತಿ ಉಳಿಯಿತು. 2021-22ರಲ್ಲಿ ಇದೇ ರೀತಿ 2,50,000ದಲ್ಲಿ 84,000 ಹೋಗಿ 1,66,000 ನಷ್ಟ, ಜೊತೆಗೆ 1,53,000 ಸವಕಳಿ.

ಈಗ ದಿನಾಂಕದ ವಿಚಾರ. ಸೆಕ್ಷನ್ 139(1) ಹೇಳಿದ ಗಡುವಿನೊಳಗೆ ರಿಟರ್ನ್ ಸಲ್ಲಿಸಿ ನಿರ್ಧಾರವಾಗದ ನಷ್ಟವನ್ನು ಮುಂದಕ್ಕೆ ಒಯ್ಯುವಂತಿಲ್ಲ ಎನ್ನುವುದು ಸೆಕ್ಷನ್ 80. 2020-21ರ ಆದಾಯದ ರಿಟರ್ನ್‌ಗೆ, ಲೆಕ್ಕಪರಿಶೋಧನೆ ಕಡ್ಡಾಯವಲ್ಲದವರಿಗೆ, ಸರ್ಕಾರ ಗಡುವನ್ನು 2021ರ ಡಿಸೆಂಬರ್ 31ರವರೆಗೆ ವಿಸ್ತರಿಸಿತ್ತು. ವಿಸ್ತರಿಸಿದ ದಿನಾಂಕವೇ ಆ ವರ್ಷದ ಗಡುವು ಆದ್ದರಿಂದ ನಿಮ್ಮ ಡಿಸೆಂಬರ್ 28ರ ರಿಟರ್ನ್ ಸಕಾಲದ್ದು, ಆ 3,36,000 ಸುರಕ್ಷಿತ. ಮರುವರ್ಷ ಅಂಥ ವಿಸ್ತರಣೆ ಇರಲಿಲ್ಲ, ಗಡುವು 2022ರ ಜುಲೈ 31. ಡಿಸೆಂಬರ್ 20ರ ರಿಟರ್ನ್ ತಡವಾಗಿ ಸಲ್ಲಿಸಿದ ರಿಟರ್ನ್ ಆಗಿ ಮಾನ್ಯವಾಗಿದೆ, ಆದರೆ ಅದರಲ್ಲಿನ 1,66,000 ವ್ಯಾಪಾರ ನಷ್ಟ ಮುಂದಕ್ಕೆ ಹೋಗುವ ಹಕ್ಕನ್ನು ಕಳೆದುಕೊಂಡಿದೆ.

ಸವಕಳಿಯ 1,53,000ಕ್ಕೆ ಈ ದಂಡನೆ ತಟ್ಟುವುದಿಲ್ಲ. ಸೆಕ್ಷನ್ 80ನ್ನು ನೀವೇ ತೆರೆದು ಓದಿ ನೋಡಿ: ಯಾವ ಯಾವ ಸೆಕ್ಷನ್‌ಗಳ ಅಡಿಯ ನಷ್ಟಕ್ಕೆ ಈ ನಿರ್ಬಂಧ ಎಂದು ಅದು ಒಂದೊಂದಾಗಿ ಹೆಸರಿಸುತ್ತದೆ, 72 ಅಲ್ಲಿದೆ, 73, 74 ಇವೆ, 32(2) ಮಾತ್ರ ಇಲ್ಲ. ಕಾರಣವೂ ತರ್ಕಬದ್ಧವಾಗಿದೆ. ಸೆಕ್ಷನ್ 32(2)ರ ಪ್ರಕಾರ ಉಳಿದ ಸವಕಳಿಯು ಮುಂದಿನ ವರ್ಷದ ಸವಕಳಿಗೆ ಸೇರಿಕೊಂಡು ಅದರ ಭಾಗವೇ ಆಗುತ್ತದೆ. ಆ ವರ್ಷ ಸವಕಳಿಯೇ ಇಲ್ಲದಿದ್ದರೆ ಅದೇ ಆ ವರ್ಷದ ಸವಕಳಿ ಎನಿಸುತ್ತದೆ. ಅಂದರೆ ಕಾನೂನಿನ ಕಣ್ಣಿನಲ್ಲಿ ಅದು ಹಳೆಯ ನಷ್ಟವಾಗಿ ಉಳಿಯುವುದಿಲ್ಲ, ಪ್ರತಿ ವರ್ಷವೂ ಆಯಾ ವರ್ಷದ ಕಡಿತವಾಗಿ ಹೊಸದಾಗುತ್ತದೆ. ಅದಕ್ಕೆ ಎಂಟು ವರ್ಷದ ಮಿತಿ ಇಲ್ಲದಿರುವುದು, ವ್ಯಾಪಾರದ ಲಾಭ ಸಾಲದಿದ್ದರೆ ಬಾಡಿಗೆ, ಬಡ್ಡಿಯಂಥ ಆದಾಯಕ್ಕೂ ಅದನ್ನು ಹೊಂದಿಸಬಹುದಾಗಿರುವುದು ಇದೇ ಕಾರಣಕ್ಕೆ. ಸಂಬಳದ ಆದಾಯಕ್ಕೆ ಮಾತ್ರ ಎರಡನ್ನೂ ಹೊಂದಿಸುವಂತಿಲ್ಲ.

ಸವಕಳಿಗೂ ಎಂಟೇ ವರ್ಷ ಎಂದು ಹೇಳುವ ಹಿರಿಯ ಲೆಕ್ಕಿಗರು ನಿಮಗೆ ಎದುರಾಗಬಹುದು. ಅವರ ಮಾತಿಗೆ ಆಧಾರವಿಲ್ಲದಿಲ್ಲ: 1996ರ ತಿದ್ದುಪಡಿಯೊಂದು ಅಂಥ ಮಿತಿಯನ್ನು ತಂದಿತ್ತು, 2001ರ ಹಣಕಾಸು ಕಾಯ್ದೆ 2002-03ರ ಅಸೆಸ್‌ಮೆಂಟ್ ವರ್ಷದಿಂದ ಅದನ್ನು ತೆಗೆದುಹಾಕಿತು. ನಿಮ್ಮ ಲೆಕ್ಕಕ್ಕೆ ಆ ಹಳೆಯ ಮಿತಿಯ ಸಂಬಂಧವಿಲ್ಲ.

ವ್ಯಾಪಾರ ನಷ್ಟಕ್ಕೆ ಎಂಟು ವರ್ಷದ ಮಿತಿ ಖಂಡಿತ ಇದೆ. ನಷ್ಟ ನಿರ್ಧಾರವಾದ ಅಸೆಸ್‌ಮೆಂಟ್ ವರ್ಷದ ಮುಂದಿನ ಎಂಟು ಅಸೆಸ್‌ಮೆಂಟ್ ವರ್ಷಗಳು ಸಿಗುತ್ತವೆ. ನಿಮ್ಮ ಮೊದಲ ನಷ್ಟ ಸೇರುವುದು 2021-22ರ ಅಸೆಸ್‌ಮೆಂಟ್ ವರ್ಷಕ್ಕೆ, ಆದ್ದರಿಂದ ಕೊನೆಯ ಅವಕಾಶ 2029-30. ಈ ಎಣಿಕೆಯಲ್ಲಿ ಆದಾಯ ಗಳಿಸಿದ ಹಣಕಾಸು ವರ್ಷವನ್ನೂ ಅದರ ಮುಂದಿನ ಅಸೆಸ್‌ಮೆಂಟ್ ವರ್ಷವನ್ನೂ ಬೆರೆಸಿಕೊಂಡು ಒಂದು ವರ್ಷ ತಪ್ಪುವವರು ಬಹಳ. ಹೋಟೆಲ್ ಮುಚ್ಚಿದ್ದರಿಂದ ಹಕ್ಕು ಹೋಗುವುದಿಲ್ಲ. ನಷ್ಟವಾದ ವ್ಯಾಪಾರವೇ ಮುಂದುವರಿಯುತ್ತಿರಬೇಕೆಂಬ ಷರತ್ತು ಹಿಂದೆ ಇತ್ತು, 2000-01ರ ಅಸೆಸ್‌ಮೆಂಟ್ ವರ್ಷದಿಂದ ಅದು ಇಲ್ಲ. ಲಾಭ ಯಾವುದಾದರೂ ವ್ಯಾಪಾರ ಅಥವಾ ವೃತ್ತಿಯದಾಗಿರಬೇಕು, ಅಷ್ಟೇ. ಹೋಟೆಲಿನ ನಷ್ಟವನ್ನು ಕ್ಯಾಟರಿಂಗ್ ಲಾಭದಲ್ಲಿ ಕಳೆಯಬಹುದು. ಆದರೆ ಮುಂದಕ್ಕೆ ತಂದ ವ್ಯಾಪಾರ ನಷ್ಟವನ್ನು ಬಾಡಿಗೆಯಲ್ಲಿ ಕಳೆಯುವಂತಿಲ್ಲ. ನಷ್ಟವಾದ ವರ್ಷದಲ್ಲಿ ಇದ್ದ ಆ ಸ್ವಾತಂತ್ರ್ಯ ಮರುವರ್ಷಕ್ಕೆ ಇರುವುದಿಲ್ಲ.

ಇನ್ನು ನಡುವಿನ ಎರಡು ವರ್ಷಗಳು. ಇದು ನಿಮಗೆ ಹಿಡಿಸದ ಭಾಗ, ಆದರೂ ಸ್ಪಷ್ಟವಾಗಿ ಹೇಳಬೇಕು. ತೆರಿಗೆ ಬೀಳುವುದಿಲ್ಲವಾದ್ದರಿಂದ ಹಳೆಯ ನಷ್ಟವನ್ನು ಮುಟ್ಟದೆ ಮುಂದಿನ ದೊಡ್ಡ ಲಾಭಕ್ಕೆ ಕಾಯ್ದಿಡುತ್ತೇನೆ ಎನ್ನುವ ಆಯ್ಕೆಯನ್ನು ಕಾಯ್ದೆ ನಿಮಗೆ ಕೊಟ್ಟಿಲ್ಲ. ಲಾಭವಿರುವ ಮೊದಲ ವರ್ಷದಲ್ಲೇ ನಷ್ಟವನ್ನು ಕಳೆಯತಕ್ಕದ್ದು, ಮಿಕ್ಕಿದ್ದು ಮಾತ್ರ ಅದರ ಮುಂದಿನ ವರ್ಷಕ್ಕೆ ಹೋಗತಕ್ಕದ್ದು ಎಂಬುದು ಸೆಕ್ಷನ್ 72ರ ವಿಧಿ. ಒಟ್ಟು ಆದಾಯವನ್ನು ಲೆಕ್ಕ ಹಾಕುವ ಹಂತದಲ್ಲಿ ಈ ಕಳೆಯುವಿಕೆ ನಡೆಯುತ್ತದೆ, ಆ ಆದಾಯಕ್ಕೆ ತೆರಿಗೆ ಇದೆಯೇ ಎಂಬ ಪ್ರಶ್ನೆ ಬರುವುದು ಅದರ ನಂತರ. ಹೀಗಾಗಿ ತೆರಿಗೆಯಲ್ಲಿ ಒಂದು ರೂಪಾಯಿ ಉಳಿಯದಿದ್ದರೂ ಆ ವರ್ಷಗಳಲ್ಲಿ ನಷ್ಟ ಕರಗಿದೆ. ಸಣ್ಣ ವ್ಯಾಪಾರಿಗಳಿಗೆ ಇದು ನ್ಯಾಯವಲ್ಲ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಚೇತರಿಕೆಯ ಮೊದಲ ವರ್ಷಗಳ ಲಾಭ ಸಾಮಾನ್ಯವಾಗಿ ವಿನಾಯಿತಿ ಮಿತಿಯೊಳಗೇ ಇರುತ್ತದೆ. ಆದರೆ ಕಾಯ್ದೆ ಇರುವುದು ಹೀಗೆ. ಸವಕಳಿಯನ್ನೇ ಕಳೆಯದೆ ಬಿಟ್ಟು ಉಳಿಸಿಕೊಳ್ಳುವ ದಾರಿಯೂ ಮುಚ್ಚಿದೆ: ನೀವು ಕೇಳಿದರೂ ಕೇಳದಿದ್ದರೂ ಸವಕಳಿ ಕಳೆದಂತೆಯೇ ಲೆಕ್ಕ ಎಂದು ಸೆಕ್ಷನ್ 32(1)ರ ಐದನೆಯ ವಿವರಣೆ ಹೇಳುತ್ತದೆ.

ಕಳೆಯುವ ಅನುಕ್ರಮವನ್ನೂ ಕಾಯ್ದೆಯೇ ನಿಗದಿಮಾಡಿದೆ. ಮೊದಲು ಆಯಾ ವರ್ಷದ ಸವಕಳಿ, ಅನಂತರ ಹಿಂದಿನಿಂದ ತಂದ ವ್ಯಾಪಾರ ನಷ್ಟ, ಕೊನೆಗೆ ಹಿಂದಿನಿಂದ ತಂದ ಸವಕಳಿ. ಉಳಿದ ಸವಕಳಿ ಈ ವರ್ಷದ ಸವಕಳಿಯ ಭಾಗವೇ ಆಗುವುದಾದರೆ ಅದೇ ಮೊದಲು ಹೋಗಬೇಕಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಅದಕ್ಕೆಂದೇ ಸೆಕ್ಷನ್ 72(2) ಹಳೆಯ ನಷ್ಟಕ್ಕೆ ಆದ್ಯತೆ ಕೊಟ್ಟಿದೆ. ಅವಧಿ ಮುಗಿಯುವಂಥದ್ದು ಮೊದಲು ಖರ್ಚಾಗುವುದರಿಂದ ಇದು ತೆರಿಗೆದಾರರಿಗೆ ಅನುಕೂಲಕರ.

2022-23ರಲ್ಲಿ ಆ ವರ್ಷದ ಸವಕಳಿ ಹೋದ ಮೇಲೆ ನಿಮ್ಮ ಕ್ಯಾಟರಿಂಗ್ ಲಾಭ 60,000. ಅದು ಪೂರ್ತಿ ಹಳೆಯ ವ್ಯಾಪಾರ ನಷ್ಟಕ್ಕೆ ಹೊಂದಿ 3,36,000 ಇದ್ದದ್ದು 2,76,000ಕ್ಕೆ ಇಳಿಯುತ್ತದೆ. ಬಾಡಿಗೆಯ 84,000ಕ್ಕೆ ಆ ನಷ್ಟ ಸಲ್ಲುವುದಿಲ್ಲ, ಆದರೆ ಉಳಿಕೆ ಸವಕಳಿ ಸಲ್ಲುತ್ತದೆ. ಎರಡೂ ವರ್ಷದ ಸವಕಳಿ ಸೇರಿ 3,33,000 ಇದ್ದದ್ದು 2,49,000 ಆಗುತ್ತದೆ. 2023-24ರಲ್ಲಿ ಲಾಭ 1,90,000: ವ್ಯಾಪಾರ ನಷ್ಟ 86,000ಕ್ಕೆ ಇಳಿಯುತ್ತದೆ, ಬಾಡಿಗೆಗೆ 84,000 ಹೋಗಿ ಸವಕಳಿ 1,65,000 ಉಳಿಯುತ್ತದೆ. 2024-25ಕ್ಕೆ ನೀವು ತರಬಹುದಾದದ್ದು ಈ 86,000 ಮತ್ತು 1,65,000, ಒಟ್ಟು 2,51,000 ಮಾತ್ರ.

ಈ ವರ್ಷದ 11,40,000 ಲಾಭವು ಸವಕಳಿ ಕಳೆದ ನಂತರದ ಮೊತ್ತ ಎಂದು ಪಟ್ಟಿಯಿಂದ ತಿಳಿಯುತ್ತದೆ. ಅದರಲ್ಲಿ 86,000 ನಷ್ಟ ಹೋಗಿ 10,54,000, ಬಳಿಕ 1,65,000 ಸವಕಳಿ ಹೋಗಿ 8,89,000, ಬಾಡಿಗೆಯ 84,000 ಸೇರಿ ಒಟ್ಟು ಆದಾಯ 9,73,000. ಹೊಸ ತೆರಿಗೆ ಪದ್ಧತಿಯ 2024-25ರ ದರಗಳಲ್ಲಿ ಇದರ ತೆರಿಗೆ 47,300. ಹಳೆಯದನ್ನು ಏನೂ ಕಳೆಯದೆ 12,24,000ಕ್ಕೆ ಕಟ್ಟುವುದಾಗಿದ್ದರೆ 84,800 ಆಗುತ್ತಿತ್ತು. ಶೇ. 4ರ ಸೆಸ್ ಸೇರಿ ನಿಮಗೆ 39,000 ರೂಪಾಯಿ ಉಳಿಯುತ್ತದೆ.

ಹೊಸ ಪದ್ಧತಿಯಲ್ಲಿ ಹಳೆಯ ನಷ್ಟ ಕಳೆಯಲು ಬಿಡುವುದಿಲ್ಲ ಎಂಬ ಮಾತು ಚಾಲ್ತಿಯಲ್ಲಿದೆ. ಅದು ಪೂರ್ತಿ ನಿಜವಲ್ಲ. ಆ ಪದ್ಧತಿ ನಿರಾಕರಿಸಿರುವ ನಿರ್ದಿಷ್ಟ ಕಡಿತಗಳಿಂದ, ಮುಖ್ಯವಾಗಿ ತಯಾರಿಕಾ ಘಟಕಗಳು ಹೊಸ ಯಂತ್ರದ ಮೇಲೆ ಪಡೆಯುವ ಹೆಚ್ಚುವರಿ ಸವಕಳಿಯಿಂದ, ಹುಟ್ಟಿದ ನಷ್ಟಕ್ಕೂ ಉಳಿಕೆಗೂ ಮಾತ್ರ ಈ ನಿರ್ಬಂಧವಿದೆ. ನಿಮ್ಮದು ಸಾಮಾನ್ಯ ದರದ ಸವಕಳಿಯಾದ್ದರಿಂದ ಬಾಧಕವಿಲ್ಲ.

ರಿಟರ್ನ್ ತುಂಬುವಾಗ ಗಮನವಿಡಬೇಕಾದ ಜಾಗಗಳಿವೆ. ITR-3ರ `Schedule CFL`ನಲ್ಲಿ ವ್ಯಾಪಾರ ನಷ್ಟವನ್ನು ವರ್ಷವಾರು ಬರೆಯಬೇಕು, ಜೊತೆಗೆ ಆಯಾ ವರ್ಷದ ರಿಟರ್ನ್ ಸಲ್ಲಿಸಿದ ದಿನಾಂಕವನ್ನೂ ಕೇಳುತ್ತದೆ. ಅಲ್ಲಿ 2021-22ರ ಅಸೆಸ್‌ಮೆಂಟ್ ವರ್ಷದ ಸಾಲಿನಲ್ಲಿ 28-12-2021 ಎಂಬ ದಿನಾಂಕ, 86,000 ಎಂಬ ಮೊತ್ತ ಬರಬೇಕು. ಮುಂದಿನ ವರ್ಷದ ಸಾಲು ಖಾಲಿ ಇರಬೇಕು. ಸವಕಳಿ ಸೇರಬೇಕಾದದ್ದು `Schedule UD`ಗೆ. ಎರಡನ್ನೂ ಕೂಡಿಸಿ CFLಗೆ ಹಾಕಿದರೆ ಸವಕಳಿಗೂ ನೀವೇ ಎಂಟು ವರ್ಷದ ಮಿತಿ ಹೇರಿಕೊಂಡಂತೆ, ತಡವಾದ ವರ್ಷದ್ದಾದರೆ ಕೇಂದ್ರೀಕೃತ ಸಂಸ್ಕರಣಾ ಕೇಂದ್ರವು ಸೆಕ್ಷನ್ 143(1)ರ ಅಡಿ ಅದನ್ನು ಪೂರ್ತಿ ತಿರಸ್ಕರಿಸುತ್ತದೆ. ಇವೆರಡೂ ಸರಿಯಾಗಿ ಸೇರಿವೆಯೇ ಎಂಬುದು `Schedule BFLA`ನಲ್ಲಿ ಕಾಣುತ್ತದೆ: ವ್ಯಾಪಾರದ ಸಾಲಿನಲ್ಲಿ ನಷ್ಟದ ಅಂಕಣದಲ್ಲಿ 86,000, ಸವಕಳಿಯ ಅಂಕಣದಲ್ಲಿ 1,65,000 ಕಾಣಬೇಕು.

ಹಿಂದಿನ ಎರಡು ರಿಟರ್ನ್‌ಗಳಲ್ಲಿ ನೀವು ಈ ಪಟ್ಟಿಗಳನ್ನು ಖಾಲಿ ಬಿಟ್ಟಿರುವುದರಿಂದ ಈ ವರ್ಷದ ಮೊತ್ತ ಹಿಂದಿನ ದಾಖಲೆಗೆ ಹೊಂದುತ್ತಿಲ್ಲ ಎಂಬ ಸೂಚನೆ ಬರಬಹುದು. ಬಂದರೆ 30 ದಿನಗಳೊಳಗೆ ಪೋರ್ಟಲ್‌ನಲ್ಲೇ ಉತ್ತರ ಕೊಡಬೇಕು. ನಷ್ಟವಾದ ಎರಡೂ ವರ್ಷಗಳ ರಿಟರ್ನ್‌ನ ಸ್ವೀಕೃತಿ ಪತ್ರ, ಆ ವರ್ಷಗಳ 143(1) ತಿಳಿವಳಿಕೆ ಪತ್ರ, ಮೇಲೆ ತೋರಿಸಿದ ವರ್ಷವಾರು ಲೆಕ್ಕ ಇವನ್ನು ಈಗಲೇ ಒಂದು ಕಡತದಲ್ಲಿ ಸಿದ್ಧವಾಗಿಡಿ. ನಡುವಿನ ವರ್ಷಗಳಲ್ಲಿ ಕರಗಿದ್ದನ್ನು ನೀವೇ ಕಳೆದು ತೋರಿಸಿದ್ದರೆ ಉತ್ತರ ಗಟ್ಟಿಯಾಗಿ ನಿಲ್ಲುತ್ತದೆ.

ಆ ವರ್ಷಗಳಲ್ಲಿ ITR-4 ಬಳಸದೆ ITR-3 ಸಲ್ಲಿಸಿದ್ದು ನಿಮ್ಮ ಪ್ರತಿಗಳಿಂದ ಕಾಣುತ್ತದೆ. ಅದು ಒಳ್ಳೆಯದೇ ಆಯಿತು. ವಹಿವಾಟಿನ ಶೇ. 6 ಅಥವಾ 8ರಷ್ಟನ್ನು ಲಾಭ ಎಂದು ಘೋಷಿಸುವ ಸೆಕ್ಷನ್ 44ಎಡಿಯನ್ನು ಆಯ್ದುಕೊಂಡಿದ್ದರೆ, 30ರಿಂದ 38ರವರೆಗಿನ ಸೆಕ್ಷನ್‌ಗಳ ಎಲ್ಲ ಕಡಿತಗಳೂ ಪೂರ್ಣವಾಗಿ ಸಂದಿವೆ ಎಂದು ಕಾಯ್ದೆ ಭಾವಿಸುತ್ತದೆ. 32(2)ರ ಉಳಿಕೆ ಸವಕಳಿ ಆ ವ್ಯಾಪ್ತಿಯೊಳಗೇ ಬರುವುದರಿಂದ ಅದನ್ನು ಆ ಲಾಭದಲ್ಲಿ ಮತ್ತೆ ಕಳೆಯಲಾಗುತ್ತಿರಲಿಲ್ಲ. ಸೆಕ್ಷನ್ 72 ಅದರ ಹೊರಗಿದೆ, ಆದ್ದರಿಂದ ವ್ಯಾಪಾರ ನಷ್ಟವನ್ನು 44ಎಡಿ ಲಾಭದಲ್ಲೂ ಕಳೆಯಬಹುದು, ಆದರೆ ಹಾಗೆ ಮಾಡುವವರೂ ITR-3ನ್ನೇ ತುಂಬಬೇಕು. ಮುಂದಕ್ಕೆ ತಂದ ನಷ್ಟ ಇರುವವರಿಗೆ ITR-4 ಅಲ್ಲ.

ಕೊನೆಯದಾಗಿ, ತಡವಾದ ವರ್ಷದ 1,66,000. ಅದು ಕೈಸೇರಿದರೆ ಈ ವರ್ಷದ ಒಟ್ಟು ಆದಾಯ 8,07,000ಕ್ಕೆ ಇಳಿದು ಸೆಸ್ ಸೇರಿ 17,264 ರೂಪಾಯಿ ತೆರಿಗೆ ಕಡಿಮೆಯಾಗುತ್ತದೆ, ಆದ್ದರಿಂದ ಪ್ರಯತ್ನಿಸುವುದು ಯೋಗ್ಯ. ಸೆಕ್ಷನ್ 119(2)(ಬಿ) ಅಡಿಯಲ್ಲಿ ವಿಳಂಬ ಮನ್ನಿಸುವಂತೆ ಅರ್ಜಿ ಸಲ್ಲಿಸಬಹುದು. ಕೇಂದ್ರೀಯ ನೇರ ತೆರಿಗೆಗಳ ಮಂಡಳಿಯ 2024ರ ಅಕ್ಟೋಬರ್ 1ರ 11ನೇ ಸುತ್ತೋಲೆಯಂತೆ, ಒಂದು ಕೋಟಿ ರೂಪಾಯಿವರೆಗಿನ ಪ್ರಕರಣಗಳನ್ನು ಪ್ರಧಾನ ಆಯುಕ್ತರು ಅಥವಾ ಆಯುಕ್ತರು ತೀರ್ಮಾನಿಸುತ್ತಾರೆ, ಸಂಬಂಧಪಟ್ಟ ಅಸೆಸ್‌ಮೆಂಟ್ ವರ್ಷ ಮುಗಿದ ದಿನದಿಂದ ಐದು ವರ್ಷಗಳೊಳಗೆ ಅರ್ಜಿ ಹೋಗಬೇಕು. ನಿಮ್ಮದು 2022-23ರ ಅಸೆಸ್‌ಮೆಂಟ್ ವರ್ಷ, ಹಾಗಾಗಿ 2028ರ ಮಾರ್ಚ್ 31ರವರೆಗೆ ಸಮಯವಿದೆ. ಅರ್ಜಿಯಲ್ಲಿ ಎರಡು ಸಂಗತಿಗಳು ಮನದಟ್ಟಾಗಬೇಕು: ನಷ್ಟ ನಿಜವಾದದ್ದು ಮತ್ತು ವಿಳಂಬಕ್ಕೆ ಕಾರಣವಾದ ಕಷ್ಟ ನಿಜವಾದದ್ದು. ತಾಯಿಯವರು ದಾಖಲಾದ ಮತ್ತು ಬಿಡುಗಡೆಯಾದ ದಿನಾಂಕಗಳಿರುವ ಆಸ್ಪತ್ರೆಯ ಸಾರಾಂಶ ಪತ್ರವೇ ಇಲ್ಲಿ ಮುಖ್ಯ ಆಧಾರ. ಅದು ಜುಲೈ 31ರ ಸುತ್ತಮುತ್ತಲಿನ ಅವಧಿಯನ್ನು ತೋರಿಸಿದರೆ ಸಾಲದು, ಅಲ್ಲಿಂದ ಡಿಸೆಂಬರ್ 20ರವರೆಗೆ ಏಕೆ ಆಗಲಿಲ್ಲ ಎಂಬುದಕ್ಕೂ ವಿವರಣೆ ಬೇಕು. ಅಧಿಕಾರಿಗಳು ಕೇಳುವುದು ಹೆಚ್ಚಾಗಿ ಆ ಎರಡನೆಯ ಭಾಗವನ್ನೇ.

ಆದೇಶ ಕೈಗೆ ಬರುವವರೆಗೆ ಆ 1,66,000ವನ್ನು ಈ ವರ್ಷದ ರಿಟರ್ನ್‌ನಲ್ಲಿ ತೋರಿಸಬೇಡಿ. 9,73,000ಕ್ಕೆ ತೆರಿಗೆ ಕಟ್ಟಿ ರಿಟರ್ನ್ ಸಲ್ಲಿಸಿ, ವಿಳಂಬ ಮನ್ನಾ ಆದ ನಂತರ ಅದರ ಪರಿಣಾಮವನ್ನು ಸೆಕ್ಷನ್ 154ರ ತಿದ್ದುಪಡಿ ಅರ್ಜಿಯ ಮೂಲಕ ಕೇಳಿ ಹೆಚ್ಚು ಕಟ್ಟಿದ್ದನ್ನು ಮರಳಿ ಪಡೆಯಬೇಕು. 2026ರ ಏಪ್ರಿಲ್ 1ರಿಂದ ಆರಂಭವಾಗುವ ವರ್ಷಗಳಿಗೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಅನ್ವಯವಾಗುತ್ತದೆ. ಆದರೆ ಇಲ್ಲಿ ಚರ್ಚಿಸಿದ ವರ್ಷಗಳೆಲ್ಲ 1961ರ ಕಾಯ್ದೆಯ ವ್ಯಾಪ್ತಿಯವಾದ್ದರಿಂದ ಅರ್ಜಿಯಲ್ಲಿ ಹಳೆಯ ಸೆಕ್ಷನ್ ಸಂಖ್ಯೆಗಳನ್ನೇ ನಮೂದಿಸಿ.